ಸೀಟು ಬಿಡಿಸುವುದಕ್ಕಿಂತ ಮೊದಲು ಡೇಟಾ: ಉದ್ಯಮಬಾಗದ ಒಂದು ಮಷೀನ್ ಶಾಪಿನ ಕೆಲಸದ ದಾಖಲೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಚಿಕ್ಕ ಮಷೀನ್ ಶಾಪ್ ಇದೆ. ಫೌಂಡ್ರಿಗಳಿಂದ ಬರುವ ಕಾಸ್ಟಿಂಗ್‌ಗಳನ್ನು ಮಷೀನಿಂಗ್ ಮಾಡಿ ಹಿಂದಿರುಗಿಸುವ ಜಾಬ್ ವರ್ಕ್ ನಮ್ಮಲ್ಲಿ ಹೆಚ್ಚು. ಹೈಡ್ರಾಲಿಕ್ ಸಿಲಿಂಡರಿನ ಕೆಲವು ಬಿಡಿಭಾಗಗಳನ್ನು ಸ್ವಂತ ಬಿಲ್ಲಿನ ಮೇಲೂ ಮಾರುತ್ತೇವೆ. ಕೊಟೇಶನ್, ಜಾಬ್ ಕಾರ್ಡ್, ಚಲನ್ ಮತ್ತು ಗಿರಾಕಿಗಳು ಕಳುಹಿಸುವ ಡ್ರಾಯಿಂಗ್‌ಗಳು 2019ರಿಂದ ಒಂದು ಆನ್‌ಲೈನ್ ಸಾಫ್ಟ್‌ವೇರಿನಲ್ಲಿದ್ದವು. ಅದಕ್ಕೆ ಸೀಟಿನ ಲೆಕ್ಕದಲ್ಲಿ, ಅಂದರೆ ಪ್ರತಿ ಬಳಕೆದಾರನಿಗೆ ತಿಂಗಳಿಗೆ ₹900ರಂತೆ, ಹಣ ಕೊಡುತ್ತಿದ್ದೆವು. ಮೊದಲು ಅನವಶ್ಯಕ ಸೀಟುಗಳನ್ನು ಕಡಿಮೆ ಮಾಡಿ, ಅನಂತರ ಎಲ್ಲ ಡೇಟಾ ಹೊರತೆಗೆದು ಖಾತೆಯನ್ನೇ ಮುಚ್ಚಿದ ಕೆಲಸದ ವಿವರ ಇಲ್ಲಿದೆ. ಕಂಪನಿಯ ಹೆಸರು ಇಲ್ಲಿ ಬೇಕಿಲ್ಲ. ಸೀಟಿನ ಲೆಕ್ಕದ ಬಹುತೇಕ ಸಾಫ್ಟ್‌ವೇರ್‌ಗಳು ಈ ವಿಷಯದಲ್ಲಿ ಒಂದೇ ರೀತಿ ನಡೆಯುತ್ತವೆ.

ಹದಿನಾಲ್ಕು ಸೀಟುಗಳಿಗೆ ತಿಂಗಳಿಗೆ ₹12,600, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ ₹14,868 ಕಾರ್ಡಿನಿಂದ ತಾನಾಗಿ ಕಡಿತವಾಗುತ್ತಿತ್ತು. ಈ ಮೊತ್ತ ಯಾರ ಕಣ್ಣಿಗೂ ಬೀಳದಿರಲು ಒಂದು ಕಾರಣವಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನ ಮೇಲಿನ ಇಂಥ ಮರುಕಳಿಸುವ ಪಾವತಿಗಳಲ್ಲಿ ₹15,000ದವರೆಗಿನ ಮೊತ್ತಕ್ಕೆ ಪ್ರತಿ ಸಲ ಒಟಿಪಿ ಬೇಕಾಗುವುದಿಲ್ಲ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಒಂದು ಸೂಚನೆ ಬರುತ್ತದೆ, ಅಷ್ಟೆ. ನಮ್ಮ ಮೊತ್ತ ಆ ಗೆರೆಗಿಂತ ₹132ರಷ್ಟೇ ಕೆಳಗಿತ್ತು. ಇನ್ನೊಂದು ಸೀಟು ಕೊಂಡಿದ್ದರೆ ಪ್ರತಿ ತಿಂಗಳು ಒಟಿಪಿ ಕೇಳಿ, ಈ ಖರ್ಚು ಎಂದೋ ಚರ್ಚೆಗೆ ಬರುತ್ತಿತ್ತು. ಕೊನೆಗೆ ವಿಷಯ ಎತ್ತಿದವರು ನಮ್ಮ ಲೆಕ್ಕಪತ್ರ ನೋಡುವ ಗುಮಾಸ್ತರು. "ಸರ, ನೌಕರಿ ಬಿಟ್ಟು ಹೋದವರ ಸೀಟಿಗೂ ಇನ್ನೂ ರೊಕ್ಕಾ ಕೊಡಾಕತ್ತೀವಲ್ರಿ, ನೋಡ್ರಿ ಇಲ್ಲಿ" ಎಂದು ಬಳಕೆದಾರರ ಪಟ್ಟಿಯನ್ನು ಮುಂದಿಟ್ಟರು.

ಯಾರು ನಿಜವಾಗಿ ಬಳಸುತ್ತಾರೆ

ಬಳಕೆದಾರರ ಪಟ್ಟಿಯಲ್ಲಿ `last_login` ಎಂಬ ಕಾಲಂ ಇತ್ತು. ಅದೊಂದನ್ನೇ ನಂಬಿ ಸೀಟು ತೆಗೆಯುವುದು ಸರಿಯಲ್ಲ. ಮೊಬೈಲ್ ಆ್ಯಪಿನಲ್ಲಿ ಒಮ್ಮೆ ಒಳಬಂದವರು ತಿಂಗಳುಗಟ್ಟಲೆ ಹೊರಹೋಗದೆ ಕೆಲಸ ಮಾಡುತ್ತಿರಬಹುದು, ಆಗ ಕೊನೆಯ ಲಾಗಿನ್ ದಿನಾಂಕ ಹಳೆಯದಾಗಿಯೇ ಕಾಣುತ್ತದೆ. ಅದೇ ರೀತಿ ಒಬ್ಬರ ಲಾಗಿನ್ನಿನಲ್ಲಿ ಮೂವರು ಕೆಲಸ ಮಾಡುತ್ತಿದ್ದರೆ ಆ ಒಂದು ಸೀಟು ಬಹಳ ಚುರುಕಾಗಿರುವಂತೆ ತೋರುತ್ತದೆ. ಆದ್ದರಿಂದ ಎರಡನೆಯ ಸಾಕ್ಷಿಯಾಗಿ ಹಿಂದಿನ ಮೂರು ತಿಂಗಳ ಜಾಬ್ ಕಾರ್ಡ್, ಕೊಟೇಶನ್ ಮತ್ತು ಚಲನ್‌ಗಳನ್ನು ಹೊರತೆಗೆದು, `created_by` ಮತ್ತು `modified_by` ಕಾಲಂಗಳಲ್ಲಿ ಯಾರ ಹೆಸರು ಎಷ್ಟು ಸಲ ಬಂದಿದೆ ಎಂದು ಪಿವೋಟ್ ಟೇಬಲ್ಲಿನಲ್ಲಿ ಎಣಿಸಿದೆ. ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ಚಿತ್ರ ಸ್ಪಷ್ಟವಾಯಿತು.

ಐದು ಜನ ದಿನವೂ ಕೆಲಸ ಮಾಡುತ್ತಿದ್ದರು. ನಾಲ್ಕು ಸೀಟುಗಳು ನೌಕರಿ ಬಿಟ್ಟವರ ಹೆಸರಿನಲ್ಲಿದ್ದವು. ಎರಡನೇ ಪಾಳಿ ಆರಂಭಿಸುವ ಯೋಚನೆಯಿದ್ದಾಗ ಕೊಂಡ ಎರಡು ಸೀಟುಗಳಿಂದ ಯಾರೂ ಒಮ್ಮೆಯೂ ಒಳಬಂದಿರಲಿಲ್ಲ. ಇನ್‌ಸ್ಪೆಕ್ಷನ್ ಮತ್ತು ಡಿಸ್ಪ್ಯಾಚ್ ವಿಭಾಗದ ಇಬ್ಬರು ಜಾಬ್ ಕಾರ್ಡನ್ನು ನೋಡುತ್ತಿದ್ದರೇ ಹೊರತು ಏನನ್ನೂ ಬರೆಯುತ್ತಿರಲಿಲ್ಲ. ಅವರಿಗೆ ಬೆಳಿಗ್ಗೆ ಒಂದು ಪಿಡಿಎಫ್ ಮುದ್ರಿಸಿ ಕೊಟ್ಟರೆ ಸಾಕಿತ್ತು. ಕೊನೆಯದು ನಮ್ಮ ತೆರಿಗೆ ಸಲಹೆಗಾರರದು, ಅವರು ಮೂರು ತಿಂಗಳಿಗೊಮ್ಮೆ ಬಂದು ವರದಿ ಇಳಿಸಿಕೊಳ್ಳುತ್ತಿದ್ದರು.

ನೌಕರಿ ಬಿಟ್ಟ ನಾಲ್ವರಲ್ಲಿ ಒಬ್ಬರ ಹೆಸರು ಮಾತ್ರ ಗಮನ ಸೆಳೆಯಿತು. ಅವರು ಬಿಟ್ಟು ಹೋಗಿ ಬಹಳ ಕಾಲವಾಗಿದ್ದರೂ ಅವರ ಹೆಸರಿನಲ್ಲಿ ಪ್ರತಿದಿನ ಹೊಸ ದಾಖಲೆಗಳು ಹುಟ್ಟುತ್ತಿದ್ದವು. ಹುಡುಕಿದಾಗ ತಿಳಿದದ್ದು ಇಷ್ಟು: ನಮ್ಮ ವೆಬ್‌ಸೈಟಿನ ವಿಚಾರಣೆ ಫಾರ್ಮ್ ಅವರ ಲಾಗಿನ್ನಿನಲ್ಲಿ ತಯಾರಿಸಿದ ಎಪಿಐ ಕೀಲಿಯ ಮೂಲಕವೇ ಸಾಫ್ಟ್‌ವೇರಿಗೆ ಮಾಹಿತಿ ಕಳುಹಿಸುತ್ತಿತ್ತು. ಆ ಸೀಟನ್ನು ನಿಲ್ಲಿಸಿದ ಕ್ಷಣದಿಂದ ವೆಬ್‌ಸೈಟಿನ ವಿಚಾರಣೆಗಳು ಬರುವುದು ನಿಲ್ಲುತ್ತಿತ್ತು, ಮತ್ತು ಅದರ ಸೂಚನೆ ಯಾರಿಗೂ ಸಿಗುತ್ತಿರಲಿಲ್ಲ. ಏಕೆಂದರೆ ಫಾರ್ಮ್ ತುಂಬಿದವರಿಗೆ ಧನ್ಯವಾದದ ಪುಟ ಎಂದಿನಂತೆ ಕಾಣುತ್ತಲೇ ಇರುತ್ತದೆ. ಯಾರೂ ಇಲ್ಲದ ಸೀಟಿನಲ್ಲಿ ಕೆಲಸ ನಡೆಯುತ್ತಿದೆಯೇ ಎಂದು ತಿಳಿಯಲು `created_by` ಎಣಿಕೆಯಷ್ಟು ನೇರವಾದ ದಾರಿ ಬೇರೆ ನನಗೆ ಕಾಣಲಿಲ್ಲ. ಖಾತೆ ಮುಚ್ಚುವವರೆಗೆ ಆ ಸೀಟನ್ನು ಉಳಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಹೀಗೆ ಬೇಕಾದದ್ದು ಆರು, ಬೇಡವಾದದ್ದು ಎಂಟು.

ತೆಗೆಯುವುದಕ್ಕಿಂತ ಮೊದಲು ಏಕೆ ಎಕ್ಸ್‌ಪೋರ್ಟ್

ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಸೀಟು ಕಡಿಮೆ ಮಾಡಿ, ಹಣ ಉಳಿಸಿ, ಆಮೇಲೆ ನಿಧಾನವಾಗಿ ಡೇಟಾ ತೆಗೆಯೋಣ ಎನ್ನಿಸುವುದು ಸಹಜ. ಆದರೆ ಎಕ್ಸ್‌ಪೋರ್ಟ್ ಎನ್ನುವುದು ಅದನ್ನು ಮಾಡುವ ಬಳಕೆದಾರನ ಅಧಿಕಾರಕ್ಕೆ ಒಳಪಟ್ಟಿರುತ್ತದೆ; ಅವನಿಗೆ ಕಾಣುವ ದಾಖಲೆಗಳು ಮಾತ್ರ ಫೈಲಿಗೆ ಬರುತ್ತವೆ. ನಮ್ಮಲ್ಲಿ ಕೊಟೇಶನ್‌ಗಳಿಗೆ "ಮಾಲೀಕ ಮಾತ್ರ ನೋಡಬಹುದು" ಎಂಬ ಆಯ್ಕೆ ಇತ್ತು. ಬಿಟ್ಟು ಹೋದ ಮಾರಾಟ ಪ್ರತಿನಿಧಿ ಅದನ್ನು ಧಾರಾಳವಾಗಿ ಬಳಸಿದ್ದರು. ಅವರ ಸೀಟನ್ನು ಅಳಿಸಿದ್ದರೆ ಆ ಕೊಟೇಶನ್‌ಗಳು ಅಡ್ಮಿನ್ ಕಣ್ಣಿಗೂ ಬೀಳದೆ ಉಳಿಯುತ್ತಿದ್ದವು, ಅಥವಾ ಸೀಟಿನ ಜೊತೆಗೇ ಹೋಗುತ್ತಿದ್ದವು. ಆದ್ದರಿಂದ ಮೊದಲು ಆ ಎಂಟೂ ಸೀಟುಗಳ ದಾಖಲೆಗಳ ಮಾಲೀಕತ್ವವನ್ನು ನನ್ನ ಹೆಸರಿಗೆ ವರ್ಗಾಯಿಸಿ, ಒಂದು ಪೂರ್ಣ ಎಕ್ಸ್‌ಪೋರ್ಟ್ ತೆಗೆದು, ಅನಂತರವೇ ಸೀಟುಗಳಿಗೆ ಕೈ ಹಾಕಿದೆ.

ಸೀಟು ತೆಗೆಯುವುದರಲ್ಲೂ ಎರಡು ಹಂತಗಳಿವೆ. ಬಳಕೆದಾರನನ್ನು ನಿಷ್ಕ್ರಿಯಗೊಳಿಸಿದರೆ ಅವನು ಒಳಬರಲಾರ, ಆದರೆ ಕೊಂಡ ಸೀಟಿನ ಸಂಖ್ಯೆ ಹಾಗೆಯೇ ಉಳಿದು ಬಿಲ್ ಕೂಡ ಹಾಗೆಯೇ ಬರುತ್ತದೆ. ಬಿಲ್ಲಿಂಗ್ ಪುಟಕ್ಕೆ ಹೋಗಿ ಹದಿನಾಲ್ಕನ್ನು ಆರಕ್ಕೆ ಇಳಿಸುವುದು ಬೇರೆಯೇ ಕೆಲಸ. ಬಸ್ಸಿನಿಂದ ಪ್ರಯಾಣಿಕ ಇಳಿದ ಮಾತ್ರಕ್ಕೆ ಅವನ ಮಾಸಿಕ ಪಾಸಿನ ಹಣ ಯಾರೂ ಹಿಂದಿರುಗಿಸುವುದಿಲ್ಲವಲ್ಲ. ನಮ್ಮದು ತಿಂಗಳ ಯೋಜನೆಯಾದ್ದರಿಂದ ಇಳಿಕೆ ಮುಂದಿನ ಬಿಲ್ಲಿನಿಂದ ಜಾರಿಗೆ ಬಂದಿತು. ವಾರ್ಷಿಕ ಒಪ್ಪಂದ ಇರುವವರಿಗೆ ಸಾಮಾನ್ಯವಾಗಿ ನಡುವೆ ಸೀಟು ಸೇರಿಸಲು ಅವಕಾಶವಿದ್ದರೂ ಕಡಿಮೆ ಮಾಡಲು ನವೀಕರಣದ ದಿನದವರೆಗೆ ಕಾಯಬೇಕಾಗುತ್ತದೆ. ಅಂಥವರು ನವೀಕರಣದ ದಿನಾಂಕವನ್ನೂ, ಅದಕ್ಕೆ ಎಷ್ಟು ದಿನ ಮೊದಲು ತಿಳಿಸಬೇಕೆಂಬುದನ್ನೂ ಒಪ್ಪಂದದಲ್ಲಿ ಹುಡುಕಿ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಆರು ಸೀಟುಗಳ ಬಿಲ್ ತೆರಿಗೆ ಸೇರಿ ₹6,372 ಬಂದಿತು. ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯುವ ನಮ್ಮಂಥವರಿಗೆ ನಿಜವಾದ ಉಳಿತಾಯ ತೆರಿಗೆ ಬಿಟ್ಟು ಲೆಕ್ಕ ಹಾಕಿದ್ದು, ಅಂದರೆ ತಿಂಗಳಿಗೆ ₹7,200. ಆದರೆ ಉಳಿದ ಆರು ಸೀಟುಗಳಿಗೂ ವರ್ಷಕ್ಕೆ ₹64,800 ಆಗುತ್ತಿತ್ತು. ಬಿಲ್‌ಗಳೂ ಸ್ಟಾಕೂ ಮೊದಲೇ ಕೊಂಡ ಟ್ಯಾಲಿಯಲ್ಲಿದ್ದವು. ಸಾಫ್ಟ್‌ವೇರಿನಲ್ಲಿ ನಡೆಯುತ್ತಿದ್ದದ್ದು ಕೊಟೇಶನ್, ಜಾಬ್ ಕಾರ್ಡ್, ಚಲನ್ ಮತ್ತು ಬಿಲ್ಲಿನ ಒಂದು ಪ್ರತಿ ಮಾತ್ರ. ಚಲನ್ ಟ್ಯಾಲಿಯಲ್ಲೂ ಬರುತ್ತದೆ, ಜಾಬ್ ಕಾರ್ಡಿಗೆ ಐದು ಜನರ ನಡುವೆ ಹಂಚಿಕೊಂಡ ಒಂದು ಸ್ಪ್ರೆಡ್‌ಶೀಟ್ ಸಾಕು. ಐವತ್ತು ಜನರ ಕಾರ್ಖಾನೆಗೆ ಈ ತೀರ್ಮಾನವನ್ನು ನಾನು ಹೇಳುವುದಿಲ್ಲ. ನಮ್ಮ ಅಳತೆಗೆ ಇದು ಸರಿಹೊಂದಿತು.

ಕೊನೆಯ ಎಕ್ಸ್‌ಪೋರ್ಟ್

ಮುಚ್ಚುವ ಮೊದಲಿನ ಕೊನೆಯ ಎಕ್ಸ್‌ಪೋರ್ಟನ್ನು ವಾರದ ರಜೆಯ ದಿನ ತೆಗೆದೆ, ಮತ್ತು ಆ ದಿನ ಯಾರೂ ಹೊಸ ದಾಖಲೆ ಬರೆಯಬಾರದೆಂದು ಹೇಳಿದ್ದೆ. ಕಾರಣ, ಈ ಫೈಲುಗಳು ಒಂದರೊಳಗೊಂದು ಕೊಂಡಿ ಹಾಕಿಕೊಂಡಿರುತ್ತವೆ. `jobs.csv` ಫೈಲಿನಲ್ಲಿ ಗಿರಾಕಿಯ ಹೆಸರು ಇರುವುದಿಲ್ಲ, `customer_id` ಎಂಬ ಕಾಲಂನಲ್ಲಿ 1187 ಎಂಬಂಥ ಸಂಖ್ಯೆ ಇರುತ್ತದೆ. ಹೆಸರು `customers.csv` ಫೈಲಿನಲ್ಲಿರುತ್ತದೆ. ಒಂದನ್ನು ಸೋಮವಾರ, ಇನ್ನೊಂದನ್ನು ಗುರುವಾರ ತೆಗೆದರೆ ನಡುವೆ ಸೇರಿದ ಗಿರಾಕಿಯ ಜಾಬ್‌ಗಳು ಅನಾಥವಾಗುತ್ತವೆ. ಇದೇ ಕಾರಣಕ್ಕೆ ಬಳಕೆದಾರರ ಪಟ್ಟಿಯನ್ನೂ ಇಳಿಸಿಕೊಳ್ಳಬೇಕು. ಇಲ್ಲದಿದ್ದರೆ ಎರಡು ವರ್ಷದ ನಂತರ ಒಂದು ಜಾಬ್ ಕಾರ್ಡನ್ನು ಪಾಸು ಮಾಡಿದವರು "7" ಎಂದು ಮಾತ್ರ ತಿಳಿಯುತ್ತದೆ, ಆ ಏಳು ಯಾರೆಂದು ಹೇಳುವವರು ಇರುವುದಿಲ್ಲ.

ಫೈಲು ಇಳಿದ ಮೇಲೆ ಅದನ್ನು ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯುವ ಅಭ್ಯಾಸ ಎಲ್ಲರಿಗೂ ಇದೆ. ಸಿಎಸ್‌ವಿ ಫೈಲಿನ ಮಟ್ಟಿಗೆ ಇದು ಅಪಾಯದ ಅಭ್ಯಾಸ. ಎಕ್ಸೆಲ್ ತಾನೇ ಊಹಿಸಿ ಕಾಲಂಗಳ ರೂಪವನ್ನು ಬದಲಿಸುತ್ತದೆ. ನಮ್ಮ ಪಾರ್ಟ್ ನಂಬರ್ `00412` ಇದ್ದದ್ದು 412 ಆಗುತ್ತದೆ. `3-12` ಎಂಬ ಡ್ರಾಯಿಂಗ್ ನಂಬರ್ ದಿನಾಂಕವಾಗುತ್ತದೆ. `12E5` ಎಂಬುದು ಹನ್ನೆರಡು ಲಕ್ಷವಾಗುತ್ತದೆ. ಇ-ವೇ ಬಿಲ್ಲಿನ ಸಂಖ್ಯೆ 12 ಅಂಕಿಗಳದು, ಅದು `1.81235E+11` ಎಂಬ ರೀತಿಯಲ್ಲಿ ಕಾಣುತ್ತದೆ. ಕಾಣುವವರೆಗೆ ತೊಂದರೆಯಿಲ್ಲ, ಆದರೆ ಆ ಸ್ಥಿತಿಯಲ್ಲಿ ಸೇವ್ ಒತ್ತಿದರೆ ಸಿಎಸ್‌ವಿಯಲ್ಲಿ ಉಳಿಯುವುದು ಕಂಡಷ್ಟೇ, ಉಳಿದ ಅಂಕಿಗಳು ಹೋದಂತೆಯೇ. ಗಿರಾಕಿಗಳ ವಿಳಾಸ ಕನ್ನಡದಲ್ಲಿ ಇದ್ದ ಕಡೆಗಳಲ್ಲಿ `à²` ಎಂದು ಆರಂಭವಾಗುವ ಅಕ್ಷರಗಳ ಸಾಲು ಕಾಣಿಸಿದರೆ ಫೈಲು ಕೆಟ್ಟಿದೆ ಎಂದರ್ಥವಲ್ಲ. ಯುಟಿಎಫ್-8 ಸಂಕೇತದಲ್ಲಿರುವ ಫೈಲನ್ನು ಎಕ್ಸೆಲ್ ಬೇರೆ ಸಂಕೇತವೆಂದು ಓದಿದೆ ಎಂದರ್ಥ.

ಇದಕ್ಕೆ ಎರಡು ಎಚ್ಚರಿಕೆಗಳು ಸಾಕು. ಇಳಿಸಿದ ಮೂಲ ಜಿಪ್ ಫೈಲನ್ನು ಯಾರೂ ಬದಲಿಸದಂತೆ ಬೇರೆ ಫೋಲ್ಡರಿನಲ್ಲಿ ಇಟ್ಟು, ನೋಡಲು ಅದರ ನಕಲನ್ನಷ್ಟೇ ಬಳಸುವುದು ಒಂದು. ನೋಡುವಾಗ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದು, ಆಗ ಬರುವ ಕಿಟಕಿಯಲ್ಲಿ `Character set` ಎದುರು `Unicode (UTF-8)` ಆರಿಸಿ, ಕೆಳಗಿನ ನೋಟದಲ್ಲಿ ಎಲ್ಲ ಕಾಲಂಗಳನ್ನೂ ಆಯ್ದು `Column type` ಅನ್ನು `Text` ಮಾಡುವುದು ಇನ್ನೊಂದು. ಎಕ್ಸೆಲ್‌ನಲ್ಲೇ ನೋಡಬೇಕೆಂದರೆ `Data` ಪಟ್ಟಿಯ `From Text/CSV` ಮೂಲಕ ತಂದು, `65001: Unicode (UTF-8)` ಮತ್ತು `Do not detect data types` ಆರಿಸಬೇಕು.

ಎಣಿಕೆ ಮತ್ತು ಮೊತ್ತ

ಎಕ್ಸ್‌ಪೋರ್ಟ್ ಆಯಿತು ಎಂಬ ಹಸಿರು ಸಂದೇಶ ಬಂದ ಮಾತ್ರಕ್ಕೆ ಎಲ್ಲವೂ ಬಂದಿದೆ ಎನ್ನುವಂತಿಲ್ಲ. ಪ್ರತಿ ಪಟ್ಟಿಗೂ ಪರದೆಯ ಮೇಲೆ ಸಾಫ್ಟ್‌ವೇರ್ ತೋರಿಸುವ ಒಟ್ಟು ಸಂಖ್ಯೆಯನ್ನೂ ಫೈಲಿನ ಸಾಲುಗಳನ್ನೂ ಹೋಲಿಸಿದೆ. ನೋಟ್‌ಪ್ಯಾಡಿನಲ್ಲಿ ಕಾಣುವ ಸಾಲಿನ ಸಂಖ್ಯೆಯನ್ನು ಇದಕ್ಕೆ ಬಳಸಬಾರದು. ಷರಾ ಕಾಲಂನಲ್ಲಿ ಯಾರಾದರೂ ಎಂಟರ್ ಒತ್ತಿ ಎರಡು ಸಾಲು ಬರೆದಿದ್ದರೆ ಒಂದು ದಾಖಲೆ ಎರಡು ಸಾಲಾಗಿ ಕಾಣುತ್ತದೆ. ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಈ ಚಿಕ್ಕ ಪ್ರೋಗ್ರಾಂ ದಾಖಲೆಗಳನ್ನೂ ಮೊತ್ತವನ್ನೂ ಸರಿಯಾಗಿ ಎಣಿಸುತ್ತದೆ:

```python
import csv
from decimal import Decimal
n, t = 0, Decimal(0)
with open("invoices.csv", encoding="utf-8-sig", newline="") as f:
    for r in csv.DictReader(f):
        n += 1
        t += Decimal(r["taxable_value"].replace(",", "") or "0")
print(n, t)
```

ಕೊಟೇಶನ್ ಪಟ್ಟಿಯಲ್ಲಿ ಬಂದ ಉತ್ತರ ಸರಿಯಾಗಿ 10,000. ಹೀಗೆ ಸೊನ್ನೆಗಳಲ್ಲಿ ಕೊನೆಗೊಳ್ಳುವ ಸಂಖ್ಯೆ ಕಂಡರೆ ಅಲ್ಲೇ ನಿಲ್ಲಬೇಕು, ಏಕೆಂದರೆ ವ್ಯವಹಾರದ ದಾಖಲೆಗಳು ಇಷ್ಟು ಅಚ್ಚುಕಟ್ಟಾಗಿ ಮುಗಿಯುವುದಿಲ್ಲ. ಪರದೆಯ ಮೇಲೆ 11,346 ಇತ್ತು. ಒಂದು ಸಲಕ್ಕೆ ಹತ್ತು ಸಾವಿರ ದಾಖಲೆಗಳ ಮಿತಿ ಇತ್ತು, ಮತ್ತು ಹೊಸದು ಮೊದಲು ಎಂಬ ಕ್ರಮದಲ್ಲಿ ಬರುತ್ತಿದ್ದರಿಂದ ಬಿಟ್ಟುಹೋದದ್ದೆಲ್ಲ ಅತಿ ಹಳೆಯ ಕೊಟೇಶನ್‌ಗಳು. ಮೊದಲ ಪುಟಗಳನ್ನು ಮಾತ್ರ ತೆರೆದು ನೋಡಿದವರಿಗೆ ಇದು ಗೊತ್ತಾಗುವ ಸಂಭವವೇ ಇಲ್ಲ. ಹಣಕಾಸು ವರ್ಷದ ಪ್ರಕಾರ ಬೇರೆಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ ಕೂಡಿಸಿದಾಗ ಸಂಖ್ಯೆ ತಾಳೆಯಾಯಿತು. ಪಟ್ಟಿಯ ಮೇಲ್ಭಾಗದಲ್ಲಿ "ಆರ್ಕೈವ್ ಮಾಡಿದವನ್ನೂ ಸೇರಿಸು" ಎಂಬ ಗುರುತು ಹಾಕಿದ್ದೇನೆಯೇ ಎಂದೂ ನೋಡಿಕೊಂಡೆ. ಅದು ಇಲ್ಲದಿದ್ದರೆ ಪರದೆಯ ಸಂಖ್ಯೆಯೂ ಫೈಲಿನ ಸಂಖ್ಯೆಯೂ ಎರಡೂ ಕಡಿಮೆಯಾಗಿ, ಒಂದಕ್ಕೊಂದು ತಾಳೆಯಾಗಿ, ಸುಳ್ಳು ಸಮಾಧಾನ ಕೊಡುತ್ತವೆ.

ಬಿಲ್‌ಗಳಿಗೆ ಎಣಿಕೆಯ ಜೊತೆ ಮೊತ್ತವನ್ನೂ ನೋಡಬೇಕು, ಅದನ್ನು ಸಾಫ್ಟ್‌ವೇರಿನ ಹೊರಗಿನ ದಾಖಲೆಯೊಂದಿಗೆ ಹೋಲಿಸಬೇಕು. ನಾವು ಪ್ರತಿ ವರ್ಷದ ತೆರಿಗೆಗೆ ಒಳಪಡುವ ಮೌಲ್ಯವನ್ನು ಟ್ಯಾಲಿಯ ಮಾರಾಟ ಖಾತೆಯೊಂದಿಗೆ ಇಟ್ಟು ನೋಡಿದೆವು. 2022-23ರಲ್ಲಿ ಮಾತ್ರ ಫೈಲಿನ ಮೊತ್ತ ₹47,200 ಹೆಚ್ಚಿತ್ತು. ಗುಮಾಸ್ತರು ಸ್ಥಿತಿಯ ಕಾಲಂ ತೆರೆದು ನೋಡಿ, ರದ್ದಾದ ಎರಡು ಬಿಲ್‌ಗಳು ₹18,500 ಮತ್ತು ₹28,700 ಎಂದು ಬೆರಳು ತೋರಿಸಿದರು. ರದ್ದಾದ ಬಿಲ್ ಅಳಿಸಿಹೋಗದೆ ಗುರುತಿನೊಂದಿಗೆ ಬಂದಿರುವುದು ಒಳ್ಳೆಯ ಲಕ್ಷಣವೇ ಸರಿ, ಸರಣಿಯಲ್ಲಿ ಕಾಣೆಯಾದ ನಂಬರಿಗೆ ಮುಂದೆ ಯಾರಾದರೂ ವಿವರಣೆ ಕೇಳಿದರೆ ತೋರಿಸಲು ಅದು ಬೇಕು.

ಡ್ರಾಯಿಂಗ್‌ಗಳು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಹಿಡಿದದ್ದು ಲಗತ್ತುಗಳು, ಅದರಲ್ಲೂ ಗಿರಾಕಿಗಳ ಡ್ರಾಯಿಂಗ್‌ಗಳು. ಸಿಎಸ್‌ವಿಯಲ್ಲಿ ಲಗತ್ತಿನ ಕಾಲಂ ಇರುತ್ತದೆ, ಆದರೆ ಅದರಲ್ಲಿರುವುದು ಫೈಲಲ್ಲ, ಕಂಪನಿಯ ಸರ್ವರಿಗೆ ಹೋಗುವ ಕೊಂಡಿ. ಖಾತೆ ಮುಚ್ಚಿದ ಮೇಲೆ ಆ ಕೊಂಡಿಗಳೆಲ್ಲ ಸಾಯುತ್ತವೆ. ಲಾಗಿನ್ ಆಗಿರುವ ಬ್ರೌಸರಿನಲ್ಲಿ ಒತ್ತಿ ನೋಡಿದರೆ ಚೆನ್ನಾಗಿಯೇ ತೆರೆದುಕೊಳ್ಳುವುದರಿಂದ ಎಲ್ಲ ಬಂದಿದೆ ಎಂಬ ಭ್ರಮೆ ಹುಟ್ಟುತ್ತದೆ. ಖಾಸಗಿ ಕಿಟಕಿಯಲ್ಲಿ ಅಂಟಿಸಿ ನೋಡಿದಾಗ ಲಾಗಿನ್ ಪುಟ ಬಂತು. ಲಾಗಿನ್ ಕೇಳದೆ ತೆರೆದುಕೊಂಡಿದ್ದರೂ ನಂಬುವಂತಿರಲಿಲ್ಲ, ಫೈಲು ಇರುವುದು ಅವರ ಸರ್ವರಿನಲ್ಲಿಯೇ.

ಲಗತ್ತುಗಳ ಪೂರ್ಣ ಜಿಪ್ಪನ್ನು ಬೇರೆಯಾಗಿ ಕೋರಬೇಕಿತ್ತು. ಅದು ತಯಾರಾದ ಮೇಲೆ ಇಮೇಲಿನಲ್ಲಿ ಕೆಲವೇ ದಿನ ಬಾಳುವ ಕೊಂಡಿ ಬಂತು. ಅದರೊಳಗೆ ಪ್ರತಿ ಜಾಬಿಗೂ ಅದರ ಐಡಿಯ ಹೆಸರಿನ ಫೋಲ್ಡರು, ಜೊತೆಗೆ ಯಾವ ಫೈಲು ಯಾವ ದಾಖಲೆಯದು ಎಂದು ಹೇಳುವ `attachments.csv` ಇತ್ತು. ಈ ಸಿಎಸ್‌ವಿ ಇಲ್ಲದಿದ್ದರೆ ಜಿಪ್ಪಿಗೆ ಬೆಲೆಯೇ ಇಲ್ಲ, ಏಕೆಂದರೆ `drawing.pdf` ಎಂಬ ಹೆಸರಿನ ಫೈಲುಗಳೇ ನೂರಾರು ಇದ್ದವು. ಮಷೀನ್ ಶಾಪಿನಲ್ಲಿ ಒಂದೇ ಬ್ರ್ಯಾಕೆಟ್ಟಿನ ಡ್ರಾಯಿಂಗಿಗೆ ಎ, ಬಿ, ಸಿ ಎಂದು ಪರಿಷ್ಕರಣೆಗಳಿರುತ್ತವೆ; ಹಳೆಯ ಪರಿಷ್ಕರಣೆಯ ಪ್ರಕಾರ ಬೋರ್ ಮಾಡಿದರೆ ಇಡೀ ಲಾಟ್ ತಿರಸ್ಕೃತವಾಗುತ್ತದೆ. ಯಾವ ಪರಿಷ್ಕರಣೆ ಯಾವ ಜಾಬಿನಲ್ಲಿ ಬಳಕೆಯಾಯಿತು ಎಂಬುದು ಆ ಸಿಎಸ್‌ವಿಯಲ್ಲೇ ಇತ್ತು.

ಬಿಚ್ಚಿದಾಗ ಸಿಎಸ್‌ವಿಯಲ್ಲಿ 6,218 ಲಗತ್ತುಗಳೂ ಡಿಸ್ಕಿನಲ್ಲಿ 6,190 ಫೈಲುಗಳೂ ಇದ್ದವು. ಬಾರದ 28 ಫೈಲುಗಳ ಹೆಸರುಗಳು ಎಲ್ಲವೂ ಉದ್ದುದ್ದ, ಗಿರಾಕಿಯ ಕಂಪನಿಯ ಹೆಸರು, ಪಾರ್ಟಿನ ವಿವರಣೆ, ದಿನಾಂಕ ಎಲ್ಲ ಸೇರಿಸಿ ಇಟ್ಟವು. ವಿಂಡೋಸ್‌ನ ಅನೇಕ ಪ್ರೋಗ್ರಾಂಗಳು ಸುಮಾರು 260 ಅಕ್ಷರಗಳಿಗಿಂತ ಉದ್ದದ ಪಥವನ್ನು ಒಪ್ಪುವುದಿಲ್ಲ, ಮತ್ತು ನಾವು ಬಿಚ್ಚಿದ್ದು ಡೆಸ್ಕ್‌ಟಾಪಿನೊಳಗಿನ ಫೋಲ್ಡರಿನೊಳಗಿನ ಫೋಲ್ಡರಿನಲ್ಲಿ. ಅದೇ ಜಿಪ್ಪನ್ನು `D:\x` ಎಂಬ ಚಿಕ್ಕ ಪಥದಲ್ಲಿ ಮತ್ತೆ ಬಿಚ್ಚಿದಾಗ 6,218 ಪೂರ್ತಿ ಬಂದವು. ಅನಂತರ ಪ್ರತಿ ವರ್ಷದಿಂದ ಕೆಲವು ಜಾಬ್‌ಗಳನ್ನು ಆರಿಸಿ, ಸಾಫ್ಟ್‌ವೇರನ್ನು ಮುಟ್ಟದೆ, ಫೋಲ್ಡರುಗಳಿಂದಲೇ ಡ್ರಾಯಿಂಗ್, ಕೊಟೇಶನ್ ಮತ್ತು ಚಲನ್ ಹುಡುಕಿ ಕೊಡುವಂತೆ ಸೂಪರ್‌ವೈಸರಿಗೆ ಹೇಳಿದೆ. ಅವರು ಹುಡುಕಿ ಕೊಟ್ಟ ಮೇಲೆಯೇ ಎಕ್ಸ್‌ಪೋರ್ಟ್ ಮುಗಿಯಿತೆಂದು ಬರೆದುಕೊಂಡೆ.

ಎಕ್ಸ್‌ಪೋರ್ಟಿನಲ್ಲಿ ಬಾರದ ಸಂಗತಿಗಳೂ ಇವೆ. ಒಂದು ದಾಖಲೆಯನ್ನು ಯಾರು ಯಾವಾಗ ತಿದ್ದಿದರು ಎಂಬ ಇತಿಹಾಸ ಬರಲಿಲ್ಲ. ತಕರಾರು ಇನ್ನೂ ಬಗೆಹರಿಯದ ಕೆಲವು ಜಾಬ್‌ಗಳ ಇತಿಹಾಸದ ಪುಟವನ್ನು ಪಿಡಿಎಫ್ ಆಗಿ ಮುದ್ರಿಸಿಕೊಂಡೆ, ಉಳಿದದ್ದನ್ನು ಬಿಟ್ಟೆ. ಗಿರಾಕಿಗೆ ಹೋದ ಬಿಲ್ ಮತ್ತು ಚಲನ್‌ಗಳ ಪಿಡಿಎಫ್‌ಗಳನ್ನು ಮಾತ್ರ ಎಲ್ಲವನ್ನೂ ಇಳಿಸಿದೆ. ಸಿಎಸ್‌ವಿಯ ಸಾಲಿನಿಂದ ಬಿಲ್ಲನ್ನು ಮರುಸೃಷ್ಟಿಸಬಹುದು, ಆದರೆ ಅದು ಅಂದು ಕೊಟ್ಟ ಬಿಲ್ ಆಗುವುದಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ ಕಲಂ 36ರಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2023-24ರ ರಿಟರ್ನಿಗೆ ಕೊನೆಯ ದಿನ 2024ರ ಡಿಸೆಂಬರ್ 31 ಆಗಿದ್ದರಿಂದ ಆ ವರ್ಷದ ಕಾಗದಗಳು 2030ರ ಡಿಸೆಂಬರ್ ಅಂತ್ಯದವರೆಗೆ ಇರಬೇಕು. ಮೇಲ್ಮನವಿ ಅಥವಾ ವಿಚಾರಣೆ ನಡೆಯುತ್ತಿದ್ದರೆ ಅವಧಿ ಇನ್ನೂ ಮುಂದೆ ಹೋಗುತ್ತದೆ.

ಜಾಬ್ ವರ್ಕಿನವರು ಇನ್ನೊಂದು ಪಟ್ಟಿಯನ್ನು ಬೇರೆಯಾಗಿ ತೆಗೆದಿಡಬೇಕು: ಮುಚ್ಚುವ ದಿನ ನಮ್ಮ ಬಳಿ ಉಳಿದಿರುವ, ಇನ್ನೂ ಹಿಂದಿರುಗಿಸದ ಮಾಲಿನ ಚಲನ್‌ಗಳು. ಜಾಬ್ ವರ್ಕಿಗೆ ಕಳುಹಿಸಿದ ಕಾಸ್ಟಿಂಗ್ ಒಂದು ವರ್ಷದೊಳಗೆ ಹಿಂದಿರುಗದಿದ್ದರೆ ಕಳುಹಿಸಿದವರು ಅದನ್ನು ಮಾರಾಟವೆಂದು ಪರಿಗಣಿಸಿ ತೆರಿಗೆ ಕಟ್ಟಬೇಕಾಗುತ್ತದೆ, ಮತ್ತು ತಮ್ಮ ಐಟಿಸಿ-04 ನಮೂನೆಗೆ ಅವರು ನಮ್ಮಿಂದಲೇ ಚಲನ್ ನಂಬರ್ ಕೇಳುತ್ತಾರೆ. ಆ ಪಟ್ಟಿಯನ್ನು ಅಂದೇ ಟ್ಯಾಲಿಗೆ ಏರಿಸಿದೆವು.

ಮುಚ್ಚಿದ್ದು

ಕಾರ್ಡಿನ ಆದೇಶವನ್ನು ಬ್ಯಾಂಕಿನಲ್ಲಿ ರದ್ದು ಮಾಡಿದರೆ ಖಾತೆ ತಾನಾಗಿ ಮುಚ್ಚಿಹೋಗುತ್ತದೆ ಎಂದು ಪರಿಚಯದ ಕೆಲವರು ಸಲಹೆ ಕೊಟ್ಟಿದ್ದರು. ಹಾಗೆ ಮಾಡಿದರೆ ಹಣ ಹೋಗುವುದು ನಿಲ್ಲುತ್ತದೆ, ಒಪ್ಪಂದ ನಿಲ್ಲುವುದಿಲ್ಲ. ಬಿಲ್ ಬಾಕಿ ಎಂದು ಖಾತೆಯನ್ನು ತಡೆಹಿಡಿದರೆ ಎಕ್ಸ್‌ಪೋರ್ಟಿನ ಬಾಗಿಲೂ ಜೊತೆಗೇ ಮುಚ್ಚುತ್ತದೆ. ಉಚಿತ ಯೋಜನೆಗೆ ಇಳಿದು ಹಾಗೆಯೇ ಬಿಡುವ ಉಪಾಯವೂ ಚರ್ಚೆಗೆ ಬಂದಿತ್ತು. ಉಚಿತ ಯೋಜನೆಯಲ್ಲಿ ಲಗತ್ತುಗಳ ಜಾಗ ಬಹಳ ಚಿಕ್ಕದೆಂದೂ, ಪೂರ್ಣ ಎಕ್ಸ್‌ಪೋರ್ಟ್ ಇಲ್ಲವೆಂದೂ ಬೆಲೆಪಟ್ಟಿಯ ಪುಟದಲ್ಲೇ ಇತ್ತು.

ಆದ್ದರಿಂದ ಬಿಲ್ಲಿಂಗ್ ಪುಟದಿಂದ 2019ರಿಂದ ಇಂದಿನವರೆಗೆ ಅವರು ನಮಗೆ ಕೊಟ್ಟ ಬಿಲ್‌ಗಳನ್ನು ಮೊದಲು ಇಳಿಸಿಕೊಂಡೆ. ನಮ್ಮ ಡೇಟಾದ ಗಡಿಬಿಡಿಯಲ್ಲಿ ಇದು ಬಿಟ್ಟುಹೋಗುವುದು ಸುಲಭ, ಆದರೆ ನಾವು ತೆರಿಗೆ ಜಮೆ ಪಡೆದದ್ದು ಆ ಬಿಲ್‌ಗಳ ಮೇಲೆ, ಅವು ಇರುವುದು ಮುಚ್ಚಲಿರುವ ಅದೇ ಖಾತೆಯೊಳಗೆ. ಅನಂತರ ವೆಬ್‌ಸೈಟಿನ ಫಾರ್ಮನ್ನು ನೇರವಾಗಿ ನಮ್ಮ ಇಮೇಲಿಗೆ ತಿರುಗಿಸಿ, ಒಂದು ಪರೀಕ್ಷಾ ವಿಚಾರಣೆ ಬಂದದ್ದನ್ನು ನೋಡಿ, ಎಪಿಐ ಕೀಲಿಯನ್ನು ರದ್ದು ಮಾಡಿದೆ. ನಮ್ಮ ಡೊಮೇನಿನ ಹೆಸರಿನಲ್ಲಿ ಕೊಟೇಶನ್ ಇಮೇಲ್ ಕಳುಹಿಸಲು ಆ ಕಂಪನಿಗೆ ಡಿಎನ್‌ಎಸ್‌ನ ಎಸ್‌ಪಿಎಫ್ ದಾಖಲೆಯಲ್ಲಿ ಕೊಟ್ಟಿದ್ದ `include:` ಭಾಗವನ್ನೂ ತೆಗೆಸಿದೆ.

ಮುಚ್ಚುವ ಕೋರಿಕೆಯನ್ನು ಅಡ್ಮಿನ್ ಪುಟದಲ್ಲಿ ಒತ್ತಿದ್ದಲ್ಲದೆ ಇಮೇಲಿನಲ್ಲೂ ಕಳುಹಿಸಿ, ಮೂರು ವಿಷಯಗಳಿಗೆ ಲಿಖಿತ ಉತ್ತರ ಕೇಳಿದೆ: ಕೊನೆಯ ಬಿಲ್ಲಿನ ದಿನಾಂಕ ಯಾವುದು, ಡೇಟಾ ಅವರ ಬಳಿ ಎಷ್ಟು ದಿನ ಉಳಿಯುತ್ತದೆ, ಆ ಅವಧಿಯಲ್ಲಿ ಕೇಳಿದರೆ ಮರಳಿ ಸಿಗುತ್ತದೆಯೇ. 30 ದಿನಗಳ ನಂತರ ಅಳಿಸಲಾಗುವುದು ಎಂಬ ಉತ್ತರ ಬಂತು. ಕಾರ್ಡಿನ ಆದೇಶವನ್ನು ಬ್ಯಾಂಕಿನಲ್ಲಿ ರದ್ದು ಮಾಡಿದ್ದು ಆ ಉತ್ತರ ಕೈಸೇರಿದ ಮೇಲೆ.

ಮೂಲ ಜಿಪ್ ಫೈಲುಗಳ ಚೆಕ್‌ಸಮ್ ತೆಗೆದು ಅದೇ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಈ ಸಾಲುಗಳು ಲಿನಕ್ಸ್‌ನಲ್ಲಿ ಅಥವಾ ವಿಂಡೋಸ್‌ನ ಗಿಟ್ ಬ್ಯಾಷ್‌ನಲ್ಲಿ ನಡೆಯುತ್ತವೆ:

```
sha256sum *.zip > SHA256SUMS
sha256sum -c SHA256SUMS
```

ಮೊದಲ ಸಾಲು ಒಮ್ಮೆ ಮಾತ್ರ, ಎರಡನೆಯದು ಪ್ರತಿ ನಕಲು ಮಾಡಿದ ಮೇಲೆ ಮತ್ತು ವರ್ಷಕ್ಕೊಮ್ಮೆ; ಎಲ್ಲ ಫೈಲಿಗೂ `OK` ಬಂದರೆ ಒಂದು ಬಿಟ್ ಕೂಡ ಬದಲಾಗಿಲ್ಲ. ಒಂದು ಹಾರ್ಡ್ ಡಿಸ್ಕ್ ಶಾಪಿನ ಕಪಾಟಿನಲ್ಲಿದೆ, ಇನ್ನೊಂದು ಮನೆಯಲ್ಲಿದೆ. ವಾರ್ಷಿಕ ಪರೀಕ್ಷೆಯ ಕೆಲಸವನ್ನು ಗುಮಾಸ್ತರು ಏಪ್ರಿಲಿನ ಹೊಸ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದಾರೆ.